ಐನೂರು ಕೆಬಿಯೊಳಗೆ ಒಂದು ಕೆಂಪು ಗೆರೆ

ಬೂತಕ್ಕನ ಅಂಗಡಿಯಲ್ಲಿ ಈಗ ಬೂತೂ ಇಲ್ಲ, ಫೋನೂ ಇಲ್ಲ. ಅಪ್ಪ ಇಟ್ಟಿದ್ದ ಟೆಲಿಫೋನ್ ಬೂತಿನಲ್ಲಿ ಕೂತು ಬೆಳೆದವಳು ಅವಳು. ಎಲ್ಲರ ಜೇಬಿಗೂ ಮೊಬೈಲು ಬಂದು ಬೂತಿನ ಗಾಜಿನ ಗೂಡು ಗುಜರಿ ಸೇರಿತು. ಅದೇ ಜಾಗಕ್ಕೆ ಜೆರಾಕ್ಸ್ ಮಿಷನ್ನು ಬಂತು, ಆಮೇಲೆ ಕಂಪ್ಯೂಟರು, ಸ್ಕ್ಯಾನರು. ಹೆಸರು ಮಾತ್ರ ಅಂಟಿಕೊಂಡಿತು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ, "ಲೈನ್ ಸಿಗ್ಲಿಲ್ಲ ಬಿಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬೂತಿನ ಕಾಲದಿಂದ ಬಂದ ಒಂದು ಹಟ ಅವಳಲ್ಲಿತ್ತು: ಇನ್ನೊಬ್ಬರ ಸಮಾಚಾರ ತನಗೆ ಬೇಡ. ಆಗ ಗಿರಾಕಿ ಗೂಡಿನೊಳಗೆ ಹೋದನೆಂದರೆ ಇವಳು ರೇಡಿಯೋ ಜೋರು ಮಾಡುತ್ತಿದ್ದಳು, ಒಳಗಿನ ಮಾತು ಕಿವಿಗೆ ಬೀಳದಿರಲಿ ಎಂದು. ಈಗ ಸಂಜೆ ಬಾಗಿಲು ಹಾಕುವ ಮೊದಲು ಅಂದಿನ ಗಿರಾಕಿಗಳ ಕಾಗದ ಪತ್ರವನ್ನೆಲ್ಲ ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದಳು. ಯಾರದೋ ಆಧಾರ್ ಕಾರ್ಡು, ಯಾರದೋ ಕಾಯಿಲೆ, ಯಾರದೋ ಡೈವೋರ್ಸು. ಅವೆಲ್ಲ ರಾತ್ರಿ ತನ್ನ ಅಂಗಡಿಯಲ್ಲಿ ಯಾಕೆ ಮಲಗಬೇಕು? ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೇನೇ ಅವಳಿಗೆ ನಿದ್ದೆ.

ಆ ಒಳ್ಳೆಯ ಅಭ್ಯಾಸವೇ ಒಂದು ದಿನ ಕುತ್ತಿಗೆಗೆ ಬಂತು.

ಮಧ್ಯಾಹ್ನ ಟೈಲ್ಸ್ ಮೇಸ್ತ್ರಿ ಬಂದ. ಮೊಣಕಾಲಿನವರೆಗೆ ಸಿಮೆಂಟು, ಮೂಗಿನ ತುದಿಯಲ್ಲಿ ಕೋಪ. ಕೌಂಟರಿನ ಮೇಲೆ ಮೊಬೈಲು ಕುಕ್ಕಿದ.

"ಏನಕ್ಕಾ ಇದು? ನೀನೇ ತಾನೇ ಮಾಡ್ಕೊಟ್ಟಿದ್ದು?"

ಮೇಸ್ತ್ರಿಯ ಮಗಳಿಗೆ ಐದು ವರ್ಷ. ಎರಡೂ ಕಿವಿ ಕೇಳುವುದಿಲ್ಲ. ಅಂಥ ಮಕ್ಕಳಿಗೆಂದೇ ಇರುವ ಶಾಲೆಯೊಂದರಲ್ಲಿ ಸೀಟಿಗೆ ಹಿಂದಿನ ವಾರ ಬೂತಕ್ಕನೇ ಅರ್ಜಿ ತುಂಬಿ ಕೊಟ್ಟಿದ್ದಳು. ಆ ಶಾಲೆ ತಪ್ಪಿದರೆ ಇನ್ನೊಂದು ವರ್ಷ ಮನೆಯಲ್ಲೇ. ಸನ್ನೆ ಭಾಷೆ ಕಲಿಯುವ ವಯಸ್ಸು ಕೈಜಾರುತ್ತಿದೆ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು.

ಮೊಬೈಲಿನಲ್ಲಿ ಶಾಲೆಯ ಸಂದೇಶವಿತ್ತು: ವೈದ್ಯಕೀಯ ದಾಖಲೆಯ ಎರಡನೇ ಪುಟ ಓದಲಾಗುತ್ತಿಲ್ಲ. ಇಂದು ಸಂಜೆ ಐದರೊಳಗೆ ಶಾಲೆಯ ವೆಬ್‌ಸೈಟಿಗೆ ಸ್ಪಷ್ಟ ಪ್ರತಿ ಏರಿಸದಿದ್ದರೆ ಅರ್ಜಿ ಪರಿಗಣಿಸುವುದಿಲ್ಲ.

"ಐದು ಗಂಟೆಗೆ ಬಾಗ್ಲು ಮುಚ್ತಾರಂತೆ. ಮೂರು ಕಾಗದ ಓದೋ ಹಾಗೆ ಕಳ್ಸೋಕಾಗ್ಲಿಲ್ವಾ ನಿನ್ ಕೈಲಿ? ಬೋರ್ಡ್ ಮೇಲೆ ಮಾತ್ರ ಮಾರುದ್ದ ಬರ್ಸಿದೀಯಾ!"

ಬೂತಕ್ಕನಿಗೂ ಸಿಟ್ಟು ನೆತ್ತಿಗೇರಿತು. "ಕೂಗಾಡ್ಬೇಡ. ಕೂತ್ಕೋ. ನೋಡೋಣ."

ಮೇಸ್ತ್ರಿಯ ಮೊಬೈಲಿಗೆ ಕಳಿಸಿದ್ದ ಫೈಲನ್ನೇ ಕಂಪ್ಯೂಟರಿಗೆ ಹಾಕಿಕೊಂಡು ತೆರೆದಳು. ಒಂದನೇ ಪುಟ ಡಾಕ್ಟರ ಪತ್ರ, ಮೂರನೆಯದು ತರಬೇತಿ ಕೇಂದ್ರದ ಪತ್ರ. ಅವು ಟೈಪ್ ಮಾಡಿದವು, ಕಣ್ಣು ಕಿರಿದು ಮಾಡಿದರೆ ಓದಬಹುದು. ನಡುವಿನದು ಕಿವಿ ಪರೀಕ್ಷೆಯ ನಕ್ಷೆ. ತೆಳು ಹಸಿರು ಚೌಕಗಳ ಮೇಲೆ ಬಲಗಿವಿಗೆ ಕೆಂಪು ಗೆರೆಯಿಂದ ಜೋಡಿಸಿದ ಕೆಂಪು ಪೆನ್ನಿನ ಸೊನ್ನೆಗಳು, ಎಡಗಿವಿಗೆ ನೀಲಿ ಪೆನ್ನಿನ ಗುಣಿಸು ಗುರುತುಗಳು, ಕೆಳಗೆ ಸಣ್ಣ ಕೈಬರಹದ ಅಂಕಿಗಳು. ಫೈಲಿನಲ್ಲಿ ಅದೆಲ್ಲ ಕಲಸಿದ ಬಣ್ಣದ ನೀರಾಗಿತ್ತು.

ಆದದ್ದು ಅವಳಿಗೆ ತಕ್ಷಣ ಹೊಳೆಯಿತು. ಶಾಲೆಯವರು ಮೂರೂ ಪುಟ ಒಂದೇ ಪಿಡಿಎಫ್ ಆಗಿ ಐನೂರು ಕೆಬಿಯೊಳಗಿರಬೇಕು ಅಂದಿದ್ದರು. ಇವಳು ಚೆನ್ನಾಗಿ ಬರಲೆಂದು ಎಲ್ಲವನ್ನೂ ಬಣ್ಣದಲ್ಲಿ, ಸ್ಕ್ಯಾನರಿನ ಅತಿ ಹೆಚ್ಚಿನ ಡಿಪಿಐಯಲ್ಲಿ, ಎಂದರೆ ಅತಿ ಸೂಕ್ಷ್ಮವಾಗಿ ತೆಗೆದಿದ್ದಳು. ಹದಿನೈದು ಎಂಬಿ ಆಗಿತ್ತು. ಆಮೇಲೆ ಸೈಜು ಇಳಿಸುವ ವೆಬ್‌ಸೈಟಿಗೆ ಹಾಕಿ ಹಿಂಡಿದ್ದಳು. ಸಾಲಲಿಲ್ಲವೆಂದು ಹಿಂಡಿದ್ದನ್ನೇ ಮತ್ತೆ ಹಿಂಡಿದ್ದಳು. ನಾನೂರ ತೊಂಬತ್ತಕ್ಕೆ ಇಳಿದಾಗ ಅಂಕಿ ನೋಡಿ ಖುಷಿಪಟ್ಟಳು, ಹಾಳೆ ನೋಡಲಿಲ್ಲ.

"ಇದನ್ನೇ ಸ್ವಲ್ಪ ದೊಡ್ಡದು ಮಾಡಕ್ಕಾ. ಕಾಣುತ್ತೆ," ಅಂದ ಮೇಸ್ತ್ರಿ.

ಅವಳು ಹಿಗ್ಗಿಸಿದಳು. ಕಲೆ ದೊಡ್ಡದಾಯಿತು. ಕಪ್ಪು ಬಿಳುಪು ಏರಿಸಿ ಇಳಿಸಿ ನೋಡಿದಳು. ಕಲೆ ಗಾಢವಾಯಿತು, ಅಷ್ಟೆ.

"ಆಗಲ್ಲಪ್ಪ. ಹಿಂಡೋವಾಗ ಸೋರಿ ಹೋಗಿದ್ದು ವಾಪಸ್ ಬರಲ್ಲ. ಮೊದಲ್ನೇ ಸ್ಕ್ಯಾನ್ ಇರ್ಬೇಕಿತ್ತು."

"ಇಲ್ವಾ?"

"ಅವತ್ತೇ ಅಳಿಸ್ದೆ. ಯಾರದ್ದೂ ಇಟ್ಕೊಳಲ್ಲ ನಾನು. ಕಾಗದ ಎಲ್ಲಿದೆ?"

ಕಾಗದ ಮೇಸ್ತ್ರಿಯ ಹೆಂಡತಿಯ ಹತ್ತಿರವಿತ್ತು. ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ಅವಳ ಕೆಲಸ. ಮಗಳ ಕಾಗದಗಳನ್ನು ಯಾರ ಕೈಗೂ ಕೊಡದೆ ಸೊಂಟಕ್ಕೆ ಕಟ್ಟಿಕೊಂಡವಳ ಹಾಗೆ ಎಲ್ಲಿ ಹೋದರೂ ಚೀಲದಲ್ಲಿ ಒಯ್ಯುತ್ತಿದ್ದಳು. ಮೇಸ್ತ್ರಿ ಬೈಕು ಹತ್ತಿ ಹಾರಿದ. ಬೂತಕ್ಕ ಬಾಗಿಲಿಗೆ ಅರ್ಧ ಶಟರ್ ಎಳೆದಳು. ಹೊರಗೆ ನಿಂತಿದ್ದ ಗಿರಾಕಿಗಳಿಗೆ, "ಇವತ್ತು ಒಂದೇ ಕೆಲಸ. ನಾಳೆ ಬನ್ನಿ," ಅಂದಳು. ಇಬ್ಬರು ಮುಖ ಸಿಂಡರಿಸಿಕೊಂಡು ಹೋದರು. ಹೋಗಲಿ.

ಮೇಸ್ತ್ರಿಯ ಹೆಂಡತಿ ಬಂದವಳೇ ಚೀಲ ಬಿಚ್ಚಿ, ನಾಲ್ಕು ಮಡಿಕೆಯ ನಕ್ಷೆಯನ್ನು ಬಿಡಿಸಿ ಕೊಟ್ಟಳು. ಕೆಂಪು ಗೆರೆ ಮಾಸಿ ತೆಳು ಗುಲಾಬಿಯಾಗಿತ್ತು.

"ಗಂಡ ಕೂಗಾಡಿದ್ನಾ ಅಕ್ಕಾ?"

"ಟೈಲ್ಸ್ ಒಡೆಯೋ ಹಾಗೆ."

"ಮನೇಲೂ ಹಂಗೇ. ನನ್ ಮಗಳು ಪುಣ್ಯವಂತೆ, ಅವಳಿಗೊಬ್ಳಿಗೇ ಕೇಳ್ಸಲ್ಲ," ಅಂದಳು ಅವಳು. ನಗುವಾಗಲೂ ಕಣ್ಣು ಗೋಡೆಯ ಗಡಿಯಾರದ ಮೇಲೇ ಇತ್ತು.

ಬೂತಕ್ಕ ಸ್ಕ್ಯಾನರಿನ ಗಾಜು ಒರೆಸಿದಳು. ಮಡಿಕೆಯ ನೆರಳು ಬೀಳದ ಹಾಗೆ ಹಾಳೆ ಚಪ್ಪಟೆಯಾಗಲೆಂದು ಮುಚ್ಚಳದ ಮೇಲೆ ಎರಡು ಬಂಡಲ್ ಬಿಳಿ ಹಾಳೆ ಹೇರಿದಳು. ಈ ಸಲ ಮೂರೂ ಪುಟವನ್ನು ಬರೀ ಕಪ್ಪು ಬಿಳುಪಿನಲ್ಲಿ ತೆಗೆದಳು. ಎಲ್ಲ ಸೇರಿ ನೂರು ಕೆಬಿ ಕೂಡ ಆಗಲಿಲ್ಲ. ಟೈಪಿನ ಅಕ್ಷರಗಳು ಕೊರೆದ ಹಾಗೆ ನಿಂತಿದ್ದವು.

"ಆಯ್ತಲ್ಲ! ಕಳ್ಸು ಮತ್ತೆ," ಅಂದ ಮೇಸ್ತ್ರಿ.

ಹೆಂಡತಿ ಪರದೆಗೆ ಮುಖ ಹತ್ತಿರ ತಂದಳು. "ಇರ್ರೀ. ಬಲಗಿವಿ ಎಲ್ಲಿ?"

ಇರಲಿಲ್ಲ. ನೀಲಿ ಗುರುತುಗಳು ಕಪ್ಪಾಗಿ ಉಳಿದಿದ್ದವು. ಮಾಸಿದ ಕೆಂಪನ್ನು ಮಿಷನ್ನು ಬಿಳಿಯೆಂದೇ ತಿಳಿದು ನುಂಗಿತ್ತು. ಚೌಕಗಳೂ ಮಾಯ. ಬೂತಕ್ಕ ಗಾಢತೆ ಏರಿಸಿ ಮತ್ತೆ ತೆಗೆದಳು. ಆಗ ಕೆಂಪಿನ ಜೊತೆ ಹಸಿರು ಚೌಕ, ಮಡಿಕೆಯ ಗೆರೆ, ಬೆರಳಿನ ಕಲೆ ಎಲ್ಲ ಕಪ್ಪಾಗಿ ಎದ್ದು ನಿಂತವು. ಇರುವೆ ಮುತ್ತಿದ ಹಾಳೆಯಂತಾಯಿತು.

ಬೂದು ಬಣ್ಣದಲ್ಲಿ ತೆಗೆದಳು. ಮಾಸಿದ ಕೆಂಪಿಗೂ ಚೌಕದ ಹಸಿರಿಗೂ ಒಂದೇ ಬೂದು ಬಂತು. ಯಾವುದು ಗೆರೆ, ಯಾವುದು ಚೌಕ ತಿಳಿಯದು. ಬಣ್ಣದಲ್ಲೇ ಬೇಕು. ಮೂರನ್ನೂ ಬಣ್ಣದಲ್ಲಿ, ಇನ್ನೂರು ಡಿಪಿಐಯಲ್ಲಿ ತೆಗೆದಳು. ಒಂಬೈನೂರು ಕೆಬಿ. ಎಲ್ಲವನ್ನೂ ಸಮ ಇಳಿಸುತ್ತ ಹೋದಳು. ಐನೂರರೊಳಗೆ ಬರುವಷ್ಟರಲ್ಲಿ ನಕ್ಷೆಯ ಅಂಕಿಗಳ ಸುತ್ತ ಕೊಳೆ ಕಟ್ಟಿ ಎಂಟು ಯಾವುದು, ಆರು ಯಾವುದು ಗೊತ್ತಾಗದಾಯಿತು.

ಮೂರು ಗಂಟೆ ದಾಟಿತ್ತು. ಮೇಸ್ತ್ರಿ ಅಂಗಡಿಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದ.

"ಎಲ್ಲಾ ಕಡೆ ಒಂದೇ ಸಮ ಕೊಯ್ದ್ರೆ ಹಿಂಗೇ ಆಗೋದು! ಟೈಲ್ಸ್ ಕಮ್ಮಿ ಬಿದ್ರೆ ನಾನು ಎಲ್ಲಾನೂ ಕೊಯ್ತೀನಾ? ಬಾಗ್ಲಲ್ಲಿ ಪೂರಾ ಟೈಲ್ಸು. ತುಂಡೆಲ್ಲಾ ಬೀರು ಹಿಂದೆ, ಮಂಚದ ಕೆಳ್ಗೆ. ಯಾರ್ ನೋಡ್ತಾರೆ ಅಲ್ಲಿ?"

ಬೂತಕ್ಕನ ಕೈ ಮೌಸಿನ ಮೇಲೆ ನಿಂತಿತು.

"ಏನಂದೆ? ಇನ್ನೊಂದ್ಸಲ ಹೇಳು."

"ಬೈದಿದ್ದು ಸಾಲ್ಲಿಲ್ವಾ?"

"ಸಾಕು ಬಿಡು, ಕೇಳಿಸ್ತು."

ಮಿತಿ ಇದ್ದದ್ದು ಇಡೀ ಫೈಲಿಗೆ. ಒಂದೊಂದು ಪುಟಕ್ಕೂ ಸಮಪಾಲು ಕೊಡಬೇಕೆಂದು ಶಾಲೆಯವರು ಎಲ್ಲೂ ಹೇಳಿರಲಿಲ್ಲ. ಟೈಪ್ ಮಾಡಿದ ಎರಡು ಪುಟಕ್ಕೆ ಕಪ್ಪು ಬಿಳುಪು ಸಾಕು, ಎರಡೂ ಸೇರಿ ಎಪ್ಪತ್ತು ಕೆಬಿ. ಉಳಿದದ್ದೆಲ್ಲ ನಕ್ಷೆಯ ಪಾಲು. ಮೂರನೇ ಪುಟದ ಸೀಲು ಉಳಿದಿದೆಯೇ ಎಂದು ಹಿಗ್ಗಿಸಿ ನೋಡಿದಳು. ಕಡು ನೀಲಿ ಸೀಲು, ಕಪ್ಪಾಗಿ ಗಟ್ಟಿಯಾಗಿ ನಿಂತಿತ್ತು.

ನಕ್ಷೆಯ ಹಾಳೆ ಗಾಜಿಗಿಂತ ಚಿಕ್ಕದು. ಇಷ್ಟು ಹೊತ್ತೂ ಅವಳು ಸುತ್ತಲಿನ ಖಾಲಿ ಜಾಗವನ್ನೂ, ಅಂಚಿನ ಕಪ್ಪು ನೆರಳನ್ನೂ ಸೇರಿಸಿಯೇ ತೆಗೆದಿದ್ದಳು. ಈಗ ಹಾಳೆಯ ಅಂಚಿಗೆ ಸರಿಯಾಗಿ ಕತ್ತರಿಸಿದಳು. ಹಾಳೆಯ ಒಳಗಿನದು ಒಂದು ನೂಲೂ ಹೋಗದ ಹಾಗೆ, ಯಾಕೆಂದರೆ ತುಂಡು ದಾಖಲೆ ಕಂಡರೆ ಶಾಲೆಯವರು ಅದಕ್ಕೂ ತಕರಾರು ತೆಗೆದಾರು. ಹಳದಿಗೆ ತಿರುಗಿದ ಹಿನ್ನೆಲೆಯನ್ನು ಕೊಂಚ ಬೆಳ್ಳಗೆ ಮಾಡಿದಳು, ಗೆರೆ ಮಾಸದಷ್ಟೇ. ಕಾಗದದ ಒರಟು, ಕಲೆ ಎಲ್ಲ ಸುಮ್ಮನೆ ಕೆಬಿ ತಿನ್ನುತ್ತಿದ್ದವು. ಬಣ್ಣದ ಸ್ಕ್ಯಾನಿನ ಸೈಜನ್ನು ಒಂದೇ ಸಲ, ಹದವಾಗಿ ಇಳಿಸಿದಳು. ಹಿಂಡಿದ್ದನ್ನು ಮತ್ತೆ ಹಿಂಡಲಿಲ್ಲ. ಮುನ್ನೂರ ಅರವತ್ತು.

ಮೂರನ್ನೂ ಜೋಡಿಸಿದಳು. ಫೈಲು ಇನ್ನೂರು ಕೆಬಿ ಅಂತ ತೋರಿಸಿತು.

"ಅಬ್ಬ, ಇನ್ನೂ ಕಮ್ಮಿ ಆಯ್ತು," ಅಂದ ಮೇಸ್ತ್ರಿ.

"ಕಮ್ಮಿ ಆಗ್ಬಾರ್ದಿತ್ತು ಕಣಯ್ಯಾ!" ತೆರೆದು ನೋಡಿದರೆ ನಕ್ಷೆ ಮತ್ತೆ ಕದಡಿತ್ತು. ಜೋಡಿಸುವ ಸಾಫ್ಟ್‌ವೇರು ಕೇಳದೆಯೇ ತಾನೂ ಒಂದು ಸುತ್ತು ಹಿಂಡಿತ್ತು. ಅವಳು ಹಲ್ಲು ಕಚ್ಚಿ ಸೆಟ್ಟಿಂಗಿನೊಳಗೆ ಹೊಕ್ಕು, ಸೈಜು ಇಳಿಸುವ ಜಾಗದಲ್ಲಿದ್ದ ಟಿಕ್ ಗುರುತು ಕಿತ್ತಳು. ಮತ್ತೆ ಜೋಡಿಸಿದಳು. ನಾನೂರ ಮೂವತ್ತೈದು.

ಈ ಸಲ ಅಂಕಿ ನೋಡಿ ನಗಲಿಲ್ಲ. ಫೈಲನ್ನು ಬಣ್ಣದಲ್ಲೇ ಪ್ರಿಂಟು ಹೊಡೆದು, ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟು ಬಾಗಿಲ ಬೆಳಕಿಗೆ ನಿಲ್ಲಿಸಿದಳು. ಮೂಲ ಕಾಗದ ಮೇಸ್ತ್ರಿಯ ಕೈಯಲ್ಲಿ.

"ಅವನ್ಗೆ ತೋರಿಸ್ಬೇಡ. ನಿಂಗೆ ಕಂಡಿದ್ದು ಓದು. ಬಾಯಿಪಾಠ ಹೇಳ್ಬೇಡ ಮತ್ತೆ."

"ಬಲಗಿವಿ... ಎಂಬತ್ತೈದು. ತೊಂಬತ್ತು. ತೊಂಬತ್ತೈದು."

"ಸರಿ. ಸರಿ. ಸರಿ," ಅಂದ ಮೇಸ್ತ್ರಿ. ಅಳತೆ ಪಟ್ಟಿಯ ಅಂಕಿ ಓದುವಂತೆ ಒಂದೊಂದಕ್ಕೂ ಉಗುರು ಒತ್ತುತ್ತಿದ್ದ.

"ಎಡಗಿವಿ, ತೊಂಬತ್ತು... ಇದು ಸೊನ್ನೇನೋ ಐದೋ?"

ಮೇಸ್ತ್ರಿ ಮೂಲ ಕಾಗದವನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ. "ಇಲ್ಲೂ ಹಂಗೇ ಇದೆ. ಬರ್ದವರ ಕೈ ಅದು."

"ಹಾಗಾದ್ರೆ ನನ್ ತಪ್ಪೇನಿಲ್ಲ," ಅಂದು ಬೂತಕ್ಕ ಕುರ್ಚಿ ಎಳೆದುಕೊಂಡಳು.

ನಾಲ್ಕೂಕಾಲು ಗಂಟೆಗೆ ಏರಿಸಲು ಕೂತಳು. ಕೊನೆಯ ಗಳಿಗೆಯ ಜನ ಎಲ್ಲ ಒಟ್ಟಿಗೆ ಮುಗಿಬಿದ್ದಿದ್ದರೋ ಏನೋ, ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ನಿಂತಿತು. ಮತ್ತೆ ಹಾಕಿದಳು. ಮತ್ತೆ ನಿಂತಿತು. ಮೇಸ್ತ್ರಿ ಬಾಯಿ ತೆರೆದ. ಹೆಂಡತಿ ಅವನ ತೋಳು ಚಿವುಟಿದಳು. ಬೂತಕ್ಕ ಮೂರನೇ ಸಲ ಒತ್ತಿ, ಕಣ್ಣು ಮಿಟುಕಿಸದೆ ಕೂತಳು. ಹಸಿರು ಅಕ್ಷರ ಬಂತು: ದಾಖಲೆ ಸ್ವೀಕರಿಸಲಾಗಿದೆ.

ಅಷ್ಟಕ್ಕೇ ಏಳಲಿಲ್ಲ. ಏರಿಸಿದ್ದನ್ನು ಶಾಲೆಯ ಪುಟದಿಂದಲೇ ಮತ್ತೆ ಇಳಿಸಿಕೊಂಡು, ಎರಡನೇ ಹಾಳೆ ಹಿಗ್ಗಿಸಿ ನೋಡಿದಳು. ಮಾಸಿದ ಕೆಂಪು ಗೆರೆ ಬಲಕ್ಕೆ ಇಳಿಯುತ್ತ ಹೋಗಿತ್ತು, ಒಂದೊಂದು ಸೊನ್ನೆಯೂ ಬೇರೆ ಬೇರೆಯಾಗಿ.

ಮುಂದಿನ ವಾರ ಮೇಸ್ತ್ರಿ ರಸ್ತೆಯ ಆಚೆಯಿಂದಲೇ ಕೂಗಿದ. "ಅಕ್ಕಾ! ದಾಖಲೆ ಸರಿ ಇದೆಯಂತೆ! ಸೋಮವಾರ ಮಗು ಕರ್ಕೊಂಡು ಬನ್ನಿ ಅಂದಿದಾರೆ, ಸೀಟ್ ಕೊಡ್ತಾರಂತೆ!"

"ಮೂಲ ಕಾಗದ ತಗೊಂಡ್ಹೋಗು, ಮಡಚ್ಬೇಡ!" ಎಂದು ಬೂತಕ್ಕ ಅವನಿಗಿಂತ ಜೋರಾಗಿ ಕೂಗಿದಳು. ಆಮೇಲೆ ಎದುರಿಗೆ ಪಹಣಿ ಹಿಡಿದು ನಿಂತಿದ್ದ ಗಿರಾಕಿಯತ್ತ ತಿರುಗಿದಳು. "ನಿಮ್ದು ಏರ್ಸಿ, ಅವರು ಒಪ್ಕೊಳೋವರ್ಗೂ ಸ್ಕ್ಯಾನ್ ನನ್ ಹತ್ರಾನೇ ಇರುತ್ತೆ. ಒಪ್ಗೇನಾ? ಒಪ್ಗೆ ಅಂದ್ರೆ ಕಾಗದ ಕೊಡಿ."