ಬಲಮೂಲೆಯ ಭಾರ

ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ ಪ್ರಭಾವತಿಯಮ್ಮ "ಕಂಪ್ಯೂಟರಿನಲ್ಲಿ ಬೊಂಬೆ ಓಡಿಸ್ತಾಳೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಮೂಡುಬಿದಿರೆಯ ಮಹಡಿಕೋಣೆಯೊಂದರಲ್ಲಿ ಕೂತು ಸಾಧನಾ ಹನ್ನೊಂದು ವರ್ಷ ಓಡಿಸಿದ್ದೆಲ್ಲ ಯಾರದೋ ದೇಶದ ಕಾರು, ಯಾರದೋ ಲಾರಿ. ನಮ್ಮೂರಿನ ರಿಕ್ಷಾ ಕೈಗೆ ಸಿಕ್ಕಿದ್ದು ಈ ಮಾರ್ಚಿನಲ್ಲಿ. ಚಾಲಕನೊಬ್ಬನೇ ಇರುವ ಖಾಲಿ ರಿಕ್ಷಾ, ಕಳ್ಳನ ಬೆನ್ನು ಹತ್ತಿ ಮಣ್ಣುರಸ್ತೆಯಲ್ಲಿ ಹಾರಿ ಹೋಗಬೇಕು.

ಕಣ್ಣಂದಾಜಿನ ಕೆಲಸ ಅವಳಿಗೆ ಆಗಿಬರದು. ರಿಕ್ಷಾ ಸ್ಟ್ಯಾಂಡಿನ ಚಾಲಕ ತುಕ್ರಪ್ಪನನ್ನು ಶಿರ್ತಾಡಿಯ ಕಡೆಗೆ ಕರೆದೊಯ್ದು, ಬಲತಿರುವೊಂದರಲ್ಲಿ ಅವನ ಖಾಲಿ ರಿಕ್ಷಾವನ್ನು ನಾಲ್ಕು ಸಲ ಓಡಿಸಿ, ಹಿಂದಿನಿಂದ ಮೊಬೈಲಿನಲ್ಲಿ ಹಿಡಿದಳು. ಆ ವಿಡಿಯೋ ಎದುರಿಟ್ಟುಕೊಂಡು ಒಂದೊಂದು ಫ್ರೇಮನ್ನೂ ಹೊಂದಿಸಿದಳು.

ತಂಡದ ಮುಖ್ಯಸ್ಥ ಭವಿತ್ ಎರಡು ಸಲ ವಾಪಸು ಕಳಿಸಿದ. "ಖಾಲಿ ರಿಕ್ಷಾ ಗುಂಡಿಗೆ ಬಿದ್ರೆ ಚುರುಕಾಗಿ ಕುಪ್ಪಳಿಸಬೇಕು ಮಾರಾಯ್ತಿ. ನಿನ್ನದು ನಿಧಾನ ಏಳ್ತದೆ, ನಿಧಾನ ಕೂರ್ತದೆ. ಬಲಕ್ಕೆ ತಿರುಗುವಾಗ ಬಾಡಿ ಎಡಕ್ಕೆ ವಾಲಿ, ಒಳಬದಿಯ ಬಲಚಕ್ರ ನೆಲ ಬಿಡಬೇಕು. ಅದೂ ಇಲ್ಲ. ನಾಳೆಗೆ ಸರಿಯಾಗದಿದ್ರೆ ಕೆಲಸ ಬೇರೆಯವರಿಗೆ ಕೊಡ್ತೇನೆ."

ಸಾಧನಾ ಮತ್ತೆ ವಿಡಿಯೋ ನೋಡಿದಳು. ಅವಳದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ವಿಡಿಯೋದಲ್ಲೇ, ಹಿಂದಿನ ಸೀಟು ಖಾಲಿ ಇದ್ದರೂ ರಿಕ್ಷಾ ಬಲಕ್ಕೆ ಎರಡು ಬೆರಳು ಕುಗ್ಗಿತ್ತು. ತಿರುವಿನಲ್ಲಿ ಹಗುರಾಗಬೇಕಾದ ಬಲಚಕ್ರ ಎಡಚಕ್ರದಷ್ಟೇ ಧೂಳೆಬ್ಬಿಸುತ್ತಿತ್ತು.

ತುಕ್ರಪ್ಪನನ್ನು ಮೇಲೆ ಕರೆಸಿದಳು. "ತುಕ್ರಪ್ಪಣ್ಣ, ಬಲದ ಸ್ಪ್ರಿಂಗ್ ಹೋಗಿದೆಯಾ?"

"ಇಲ್ಲ, ಎರಡೂ ಹೊಸತು." ಅವನು ಪರದೆಯಲ್ಲಿ ಹಿಂದಿನ ಸೀಟಿನ ಬಲಮೂಲೆಗೆ ಬೆರಳಿಟ್ಟ. "ಆ ಮೂಲೆಯಲ್ಲಿ ಅಮ್ಮಣ್ಣಿ ಕೂರ್ತಿದ್ದದ್ದು. ಪೇಟೆಗೆ ಮಲ್ಲಿಗೆ ತರುವಾಗ."

ಅವನ ಹೆಂಡತಿ ಅಮ್ಮಣ್ಣಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಭಾರ ಉಂಟು ಅಂತ ನನಗೆ ಗೊತ್ತುಂಟು. ಹೇಳಿದ್ರೆ ಯಾರೂ ರಿಕ್ಷಾ ಹತ್ತುವುದಿಲ್ಲ. ನೀವು ಬೊಂಬೆಯಲ್ಲೂ ಆ ಭಾರವನ್ನು ಮುಟ್ಟಬೇಡಿ ಸಾಧನಕ್ಕ."

ಆಯಿತೆಂದಳು. ಆದರೆ ಹೊಟ್ಟೆಪಾಡು ಯಾರ ಮಾತು ಕೇಳುತ್ತದೆ? ಅವನು ಮೆಟ್ಟಿಲಿಳಿದ ಮೇಲೆ ಪರದೆಯ ರಿಕ್ಷಾದ ಬಾಡಿಯನ್ನು ಮಟ್ಟಕ್ಕೆ ಏರಿಸಿದಳು, ಕುಪ್ಪಳಿಕೆಯನ್ನು ಚುರುಕು ಮಾಡಿದಳು. ತಿರುವಿನಲ್ಲಿ ಬಲಚಕ್ರವನ್ನು ಆರು ಫ್ರೇಮು ನೆಲದಿಂದೆತ್ತಿ, ಅಷ್ಟು ಹೊತ್ತು ಅದರ ಧೂಳು ನಿಲ್ಲಿಸಿದಳು. ಮೊದಲೆದ್ದ ಧೂಳು ಹಿಂದೆಯೇ ತೇಲುತ್ತ ಉಳಿಯಿತು. ಚಕ್ರ ಮರಳಿ ನೆಲಕ್ಕೆ ತಾಗಿದಾಗ ಒಮ್ಮೆಗೇ ಧೂಳು ಚಿಮ್ಮಿತು. ಎಲ್ಲ ಸರಿಯಿತ್ತು. ಭವಿತ್ ಮಧ್ಯಾಹ್ನವೇ ಒಪ್ಪಿಗೆ ಕಳಿಸಿದ.

ನಾಲ್ಕು ಗಂಟೆಗೆ ತುಕ್ರಪ್ಪನ ಫೋನ್ ಬಂತು. ಎಂಜಿನ್ನಿನ ಸದ್ದಿರಲಿಲ್ಲ.

"ಸಾಧನಕ್ಕ, ಶಿರ್ತಾಡಿಯ ತಿರುವಿನಲ್ಲಿ ಇದ್ದೇನೆ. ಈಗ ಬಲಚಕ್ರ ಎದ್ದಿತು. ಮೂರು ವರ್ಷದಲ್ಲಿ ಮೊದಲ ಸಲ."

ಅವನು ಬೈಯಲಿಲ್ಲ.

"ಅಮ್ಮಣ್ಣಿಯನ್ನು ನೀವು ಎಲ್ಲಿ ಇಳಿಸಿದ್ದು, ಅಷ್ಟು ಹೇಳಿ. ನಾನು ಹೋಗಿ ಕರ್ಕೊಂಡು ಬರ್ತೇನೆ."