ಕರೆಯೋಲೆ ಕೇಳಲಾರದ ಕದಿರಪ್ಪ

ಮಾಲೂರಿನ ಹೆಂಚಿನ ಕಾರ್ಖಾನೆಯ ಕದಿರಪ್ಪನವರು ಕರೆಯದ ಮನೆಗೆ ಕಾಲಿಟ್ಟವರಲ್ಲ. ಕರೆದರೂ ಕರೆದ ರೀತಿ ಸರಿಯಿರಬೇಕು. ಮನೆಗೇ ಬರಬೇಕು, ಹೆಂಡತಿಗೆ ಕುಂಕುಮ ಕೊಡಬೇಕು, ತಮ್ಮ ಕೈಗೆ ಎಲೆ ಅಡಿಕೆ ಇಟ್ಟು ಇಂಥ ದಿನ ಇಂಥ ಹೊತ್ತಿಗೆ ಎಂದು ಬಾಯಿಬಿಟ್ಟು ಹೇಳಬೇಕು. ಬೈರಕೂರಿನ ಭಾಮೈದ ಹೊಸ ಮನೆ ಕಟ್ಟಿಸಿದಾಗ, ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಎದುರು ಸಿಕ್ಕವನು, ಶುಕ್ರವಾರ ಗೃಹಪ್ರವೇಶ, ಬಂದುಬಿಡಿ ಭಾವ, ಎಂದಿದ್ದ. ಆ ಶುಕ್ರವಾರ ಕದಿರಪ್ಪನವರು ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು, ತಮ್ಮ ಮನೆಯ ಜಗಲಿಯ ಮೇಲೇ ಸಂಜೆಯವರೆಗೂ ಕೂತರು. ಹೆಂಡತಿ ಅಶ್ವತ್ಥಮ್ಮ ಒಬ್ಬರೇ ಹೋಗಿ ಹೋಳಿಗೆ ಉಂಡು ಬಂದು ಕೇಳಿದರೆ, ಸಿಕ್ಕ ಉತ್ತರ ಇದು:

“ಬಸ್‌ಸ್ಟ್ಯಾಂಡಲ್ಲಿ ಕರೆದೋರ ಹಿಂದೆಲ್ಲಾ ಹೋಗೋದಾದ್ರೆ, ಕೋಲಾರ ಕೋಲಾರ ಅಂತ ಕಂಡಕ್ಟರೂ ದಿನಾ ಕರೀತಾನೆ ಕಣೇ.”

ಇಂಥ ಮನುಷ್ಯನಿಗೆ ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಪಶ್ಚಿಮ ಜರ್ಮನಿಯಿಂದ ಕರೆ ಬರಬೇಕಾಗಿತ್ತು. ಬಂದಿರಲಿಲ್ಲ.

ಅವರ ಕಾರ್ಖಾನೆಗೆ ಅಲ್ಲಿನ ಒಂದು ಕಂಪನಿಯಿಂದ ಮಣ್ಣು ನಾದಿ ಪಟ್ಟಿಯಾಗಿ ಹೊರಡಿಸುವ ದೊಡ್ಡ ಯಂತ್ರ ಬರುವುದಿತ್ತು. ಆ ಕಂಪನಿಯ ವೆಬರ್ ಎಂಬ ಎಂಜಿನಿಯರ್ ಹಿಂದಿನ ವರ್ಷ ಮಾಲೂರಿಗೆ ಬಂದು, ಮಣ್ಣಿನ ಗುಂಡಿಗೆ ಪ್ಯಾಂಟು ಮಡಚಿ ಇಳಿದು, ಅಶ್ವತ್ಥಮ್ಮನವರ ಕೈಯ ಮುದ್ದೆಯನ್ನು ಅಗಿದು ಅಗಿದು ನುಂಗಿ ಹೋಗಿದ್ದ. ಒಪ್ಪಂದವಾಗಿತ್ತು. ಹಡಗಿನಲ್ಲಿ ಮಾಲೂರಿನ ಕೆರೆಮಣ್ಣಿನ ಮೂಟೆಗಳು ಆಗಲೇ ಅವನ ಊರು ಸೇರಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಆ ಮಣ್ಣನ್ನೇ ಹಾಕಿ ಯಂತ್ರ ಓಡಿಸಿ ತೋರಿಸುತ್ತಾರೆ. ಕದಿರಪ್ಪನವರು ನೋಡಿ ಸೈ ಎಂದ ಮೇಲೆ ಪೆಟ್ಟಿಗೆ ಕಟ್ಟುತ್ತಾರೆ. ಆ ದಿನ ಅವರು ಅಲ್ಲಿ ಇಲ್ಲದಿದ್ದರೆ, ಒಪ್ಪಂದದ ಪ್ರಕಾರ, ಸೈ ಎಂದ ಹಾಗೆಯೇ. ಆಮೇಲೆ ಯಂತ್ರ ಹೇಗಿದ್ದರೂ ಇಳಿಸಿಕೊಳ್ಳಬೇಕು. ಮಾಲೂರಿನ ಮಣ್ಣಿನ ಗುಣ ಕದಿರಪ್ಪನವರ ಬೆರಳಿಗೆ ಗೊತ್ತಿತ್ತು, ಕಾಗದದಲ್ಲಿ ಬರೆಯಲು ಬರುತ್ತಿರಲಿಲ್ಲ. ಅದಕ್ಕೇ ತಾವೇ ಹೋಗಬೇಕೆಂದು ಹಟ ಹಿಡಿದಿದ್ದರು.

ಪಾಸ್‌ಪೋರ್ಟು ಬಂತು. ಬೆಂಗಳೂರಿನಲ್ಲಿ ಟ್ರಾವೆಲ್ ಏಜೆನ್ಸಿ ಇಟ್ಟಿದ್ದ ಶ್ರೀನಿವಾಸಪುರದ ಸುಬ್ಬರಾಯಪ್ಪ ಅದನ್ನು ತಿರುವಿ ನೋಡಿ, ಇನ್ನು ವೀಸಾ ಎಂದ. ಅದು ಮದ್ರಾಸಿನ ಜರ್ಮನ್ ಕಾನ್ಸುಲೇಟಿನಲ್ಲಿ ಆಗಬೇಕು. ಅದಕ್ಕೆ ಅಲ್ಲಿನ ಕಂಪನಿಯಿಂದ ಒಂದು ಆಹ್ವಾನಪತ್ರ ಬೇಕು: ಕಂಪನಿಯ ಹೆಸರಿರುವ ಕಾಗದದಲ್ಲಿ, ಪಾಸ್‌ಪೋರ್ಟಿನಲ್ಲಿರುವಂತೆಯೇ ಇವರ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು, ಯಾವ ಕೆಲಸಕ್ಕೆ ಬರುತ್ತಾರೆ, ಎಂದಿನಿಂದ ಎಂದಿನವರೆಗೆ, ಅಲ್ಲಿನ ಖರ್ಚು ಯಾರದ್ದು, ಕೆಳಗೆ ಸಹಿ.

“ಒಂದು ಕಾಗದ ಹಾಕಿ ಕೇಳ್ಬಿಡಿ ಕದಿರಪ್ಪನೋರೆ, ಕಳಿಸ್ತಾರೆ. ಎಲ್ಲಾರೂ ಕೇಳೋದೇ.”

“ನನ್ನನ್ನ ಕರೀರಿ ಅಂತ ನಾನೇ ಕೇಳೋದಾ?”

ಸುಬ್ಬರಾಯಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಹೌದು ಎಂದ. ಕದಿರಪ್ಪನವರು ಅವನ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಕಾರ್ಖಾನೆಯ ಇಂಗ್ಲಿಷ್ ಕಾಗದಗಳನ್ನೆಲ್ಲ ಬರೆಯುತ್ತಿದ್ದವಳು ಟೈಪಿಸ್ಟ್ ಭಾರತಮ್ಮ. ಕೋಲಾರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ; ಮುಖದಲ್ಲಿ ನಗು ಕಾಣಿಸದೆ ನಗುವ ವಿದ್ಯೆ ಅವಳಿಗೆ ಒಲಿದಿತ್ತು. ಸುಬ್ಬರಾಯಪ್ಪ ಹೇಳಿದ್ದನ್ನು ಅವಳು ನಾಲ್ಕೇ ಸಾಲಿನಲ್ಲಿ ಟೈಪು ಮಾಡಿ ತಂದಿಟ್ಟಳು. ಯಜಮಾನರು ಓದಿಸಿ ಕೇಳಿ ಅದನ್ನು ಹರಿದರು. ದೊಡ್ಡ ಮನುಷ್ಯನಾದವನಿಗೆ ಸೂಚನೆ ಸಾಕು. ಅವನಿಗೇ ಹೊಳೆಯುವ ಹಾಗೆ ಬರಿ, ಎಂದರು.

ಹೀಗೆ ಜೂನಿನಲ್ಲಿ ಮೊದಲನೇ ಕಾಗದ ಹೋಯಿತು. ಇಲ್ಲಿ ಎಲ್ಲರೂ ಕ್ಷೇಮ, ಸೆಪ್ಟೆಂಬರಿನಲ್ಲಿ ತಮ್ಮ ಊರು ಬಹಳ ಚೆನ್ನಾಗಿರುತ್ತದೆಂದು ಕೇಳಿದ್ದೇವೆ, ನೋಡುವ ಭಾಗ್ಯ ಯಾರಿಗಿದೆಯೋ, ಎಂದು. ವೆಬರ್ ಕೂಡಲೇ ಉತ್ತರ ಬರೆದ. ಸೆಪ್ಟೆಂಬರಿನಲ್ಲಿ ತಮ್ಮಲ್ಲಿ ಮಳೆ, ಚಳಿ. ಸ್ವೆಟರು ಮತ್ತು ಛತ್ರಿ ಮರೆಯಬೇಡಿ, ನಿಮ್ಮ ದಾರಿ ನೋಡುತ್ತಿರುತ್ತೇವೆ.

“ನೋಡ್ದಾ, ಕರೆದವ್ನೆ,” ಎಂದು ಭಾರತಮ್ಮನಿಗೆ ಹೇಳಿ ಕದಿರಪ್ಪನವರು ಆ ಕಾಗದ ಹಿಡಿದು ಬೆಂಗಳೂರಿಗೆ ಹೋದರು. ಸುಬ್ಬರಾಯಪ್ಪ ಓದಿ, ಇದನ್ನು ತೋರಿಸಿದರೆ ಮದ್ರಾಸಿನವರು ಛತ್ರಿಗೆ ವೀಸಾ ಕೊಡುತ್ತಾರೆ, ನಿಮಗಲ್ಲ, ಎಂದ.

ಎರಡನೇ ಕಾಗದದಲ್ಲಿ ಸೂಚನೆಯನ್ನು ಸ್ವಲ್ಪ ದಪ್ಪ ಮಾಡಿದರು. ಮದ್ರಾಸಿನಲ್ಲಿ ಕೆಲವರಿದ್ದಾರೆ, ಅವರಿಗೆ ತಮ್ಮ ಕಂಪನಿಯ ಕಾಗದ ನೋಡುವ ಆಸೆ ಬಹಳ, ಎಂದು ಬರೆಸಿದರು. ಭಾರತಮ್ಮ ತುಟಿ ಕಚ್ಚಿಕೊಂಡು ಟೈಪು ಮಾಡಿದಳು. ಆಗಸ್ಟ್ ಮೊದಲ ವಾರದಲ್ಲಿ ಜರ್ಮನಿಯಿಂದ ಒಂದು ದಪ್ಪನೆಯ ಪೊಟ್ಟಣ ಬಂತು. ಬಿಚ್ಚಿದರೆ ಬಣ್ಣಬಣ್ಣದ ಕ್ಯಾಟಲಾಗುಗಳು. ಮದ್ರಾಸಿನ ತಮ್ಮ ಸ್ನೇಹಿತರಿಗೆ ದಯವಿಟ್ಟು ಹಂಚಿ, ಹೊಸ ಗಿರಾಕಿಗಳಿಗೆ ಸದಾ ಸ್ವಾಗತ, ಎಂದು ವೆಬರ್ ಬರೆದಿದ್ದ. ಹೆಂಚು ಸುಡುವ ಗೂಡಿನ ಮೇಸ್ತ್ರಿ ದೊಡ್ಡನಾರಾಯಣಪ್ಪ ಅದರಲ್ಲೊಂದನ್ನು ಮನೆಗೆ ಒಯ್ದು ಗೋಡೆಗೆ ಅಂಟಿಸಿದ.

ಕಾಲ ಕರಗುತ್ತಿತ್ತು. ಕದಿರಪ್ಪನವರು ಕಾರ್ಖಾನೆಯಲ್ಲಿ ಹಸಿ ಹೆಂಚುಗಳ ಸಾಲಿನ ನಡುವೆ ಓಡಾಡುತ್ತ, ಒಂದೊಂದನ್ನೂ ಮುಟ್ಟಿ ನೋಡತೊಡಗಿದರು. ಪರದೇಶದ ಯಾವನೋ ತಮ್ಮ ಮಣ್ಣಿಗೆ ನೀರು ಹೆಚ್ಚು ಕಡಿಮೆ ಮಾಡಿ, ಅದೇ ಸರಿಯೆಂದು ಪೆಟ್ಟಿಗೆ ಮುಚ್ಚುವುದು ಅವರ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೊಂದು ದಿನ ಅವರ ಮುಖ ಅರಳಿತು. ಮುಯ್ಯಿ! ನಾವು ಕರೆದರೆ, ತಿರುಗಿ ಕರೆಯದೆ ಯಾವ ಮಾನವಂತ ಇರುತ್ತಾನೆ? ಸಂಕ್ರಾಂತಿಗೆ ಸಂಸಾರ ಸಮೇತ ನಮ್ಮ ಮನೆಗೆ ಬರಬೇಕು ಎಂದು ವೆಬರನನ್ನು ಕರೆದು ಮೂರನೇ ಕಾಗದ ಬರೆಸಿದರು. ಅಶ್ವತ್ಥಮ್ಮನಿಂದ ಅದರ ಮೂಲೆಗೆ ಅರಿಶಿನ ಹಚ್ಚಿಸಿದರು. ಅಂಚೆ ಕಚೇರಿಯವರೆಗೂ ತಾವೇ ನಡೆದು ಹೋಗಿ ಡಬ್ಬಿಗೆ ಹಾಕಿದರು.

ಉತ್ತರ ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಭಾರತಮ್ಮ ಅದನ್ನು ಒಮ್ಮೆ ತಾನೇ ಓದಿಕೊಂಡಳು. ಆಮೇಲೆ ಊಟದ ಹೊತ್ತಿಗೆ ಯಜಮಾನರ ಮನೆಗೇ ಹೋಗಿ ಗಂಡಹೆಂಡಿರಿಬ್ಬರ ಎದುರು ಕನ್ನಡದಲ್ಲಿ ಹೇಳಿದಳು. ವೆಬರನಿಗೂ ಅವನ ಹೆಂಡತಿಗೂ ಬಹಳ ಸಂತೋಷವಾಗಿದೆ. ಖಂಡಿತ ಬರುತ್ತಾರೆ. ಆದರೆ ಭಾರತದ ವೀಸಾ ಪಡೆಯಲು ಒಂದು ಆಹ್ವಾನಪತ್ರವಿದ್ದರೆ ಅನುಕೂಲ. ದಯವಿಟ್ಟು ತಮ್ಮ ಕಂಪನಿಯ ಕಾಗದದಲ್ಲಿ ಈ ಕೆಳಗಿನಂತೆ ಬರೆದು ಕಳಿಸುವುದು. ಕೆಳಗೆ ತನ್ನ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು, ಬರುವ ದಿನ, ಹೋಗುವ ದಿನ, ಖರ್ಚು ತನ್ನದೇ ಎನ್ನುವ ಮಾತು, ಎಲ್ಲವನ್ನೂ ಅವನೇ ಟೈಪು ಮಾಡಿದ್ದ. ಕದಿರಪ್ಪನವರು ಸಹಿ ಮಾಡುವ ಜಾಗಕ್ಕೆ ಚುಕ್ಕಿಗಳನ್ನೂ ಇಟ್ಟಿದ್ದ.

ಕದಿರಪ್ಪನವರ ಕೈಯ ತುತ್ತು ತಟ್ಟೆಗೆ ಇಳಿಯಿತು. “ಕರೀರಿ ಅಂತ ತಾನೇ ಕೇಳವ್ನಲ್ಲಾ, ಈ ಮಹರಾಯ.”

ಹಾಗೆಂದರೂ ಮುಖದಲ್ಲಿ ಸಿಟ್ಟಿರಲಿಲ್ಲ. ಮೀಸೆಯ ತುದಿ ಮೇಲೇರಿತ್ತು. ಹಿತ್ತಲ ಕೋಣೆ ಸುಣ್ಣ ಬಳಿಸಬೇಕು, ಅವನ ಹೆಂಡತಿ ನೆಲದ ಮೇಲೆ ಕೂರಬಲ್ಲಳೋ ಇಲ್ಲವೋ, ಅವರೆಕಾಯಿಗೆ ಆ ಹೊತ್ತಿಗೆ ಸೊಗಡು ಬಂದಿರುತ್ತದೆ, ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಅಶ್ವತ್ಥಮ್ಮ ಸಾರಿನ ಸೌಟು ಹಿಡಿದೇ ನೋಡುತ್ತಿದ್ದರು.

“ಅವ್ರು ಹಿಂಗೆ ಕೇಳಿದ್ದಕ್ಕೆ ನಿಮ್ಗೆ ಅವ್ರ ಮೇಲೆ ಅಸಡ್ಡೆ ಬಂತೇನ್ರೀ?”

“ಅಸಡ್ಡೆ ಯಾಕೆ? ನಮ್ಮೋನು ಅಂದ್ಕೊಂಡು ಕೇಳವ್ನೆ.”

“ಮತ್ತೆ ನೀವು ಕೇಳಿದ್ರೆ ಅವ್ರಿಗೆ ಬರುತ್ತಾ?”

ಕದಿರಪ್ಪನವರು ತಟ್ಟೆಗೆ ಇಳಿದ ತುತ್ತನ್ನು ಬೆರಳಲ್ಲಿ ಹೊರಳಿಸಿದರು. ಭಾರತಮ್ಮ ಸೂರಿನ ಕಡೆ ಕಣ್ಣು ನೆಟ್ಟು, ತಾನಿಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ನಿಂತಿದ್ದಳು. ಕೊನೆಗೆ ಅವರು ಎಡಗೈಯಲ್ಲಿ ಆ ಕಾಗದವನ್ನು ಅವಳ ಕಡೆ ಸರಿಸಿದರು.

“ಇದೇ ಥರ. ಅವನ ಹೆಸರಿದ್ದ ಕಡೆ ನನ್ನ ಹೆಸರು ಹಾಕಮ್ಮ. ಚುಕ್ಕಿನೂ ಇಡು.”

ಅಂಚೆಯನ್ನು ನೆಚ್ಚಲು ಈಗ ದಿನಗಳಿರಲಿಲ್ಲ. ಅಂದೇ ಭಾರತಮ್ಮ ಯಜಮಾನರ ಜೊತೆ ಬೆಂಗಳೂರಿಗೆ ಹೋಗಿ, ಸುಬ್ಬರಾಯಪ್ಪನ ಪರಿಚಯದ ಆಫೀಸಿನಿಂದ ಟೆಲೆಕ್ಸ್ ಕಳಿಸಿದಳು. ಕದಿರಪ್ಪನವರು ಬಾಗಿಲಾಚೆ ನಿಂತಿದ್ದರು. ಯಂತ್ರ ಟಕಟಕ ಎಂದಷ್ಟು ಹೊತ್ತೂ ಅವರ ಕಿವಿ ಕೆಂಪಾಗಿತ್ತು. ಮರುದಿನವೇ ಅದೇ ಯಂತ್ರದಲ್ಲಿ ಉತ್ತರ ಬಂತು: ಪತ್ರಕ್ಕೆ ಸಹಿ ಆಗಿದೆ, ತುರ್ತು ಅಂಚೆಯಲ್ಲಿ ಹೊರಟಿದೆ, ಇದನ್ನು ಮೊದಲೇ ಕಳಿಸಬೇಕೆಂದು ನಮಗೆ ತೋಚಲಿಲ್ಲ, ಕ್ಷಮಿಸಿ.

ಆ ಒಂದು ಮಾತು, ಕ್ಷಮಿಸಿ ಎನ್ನುವುದು, ಕದಿರಪ್ಪನವರನ್ನು ಬಹಳ ಹೊತ್ತು ಕಾಡಿತು. ಅದೇ ಸಂಜೆ ಅವರು ವೆಬರನ ಆಹ್ವಾನಪತ್ರಕ್ಕೂ ಸಹಿ ಹಾಕಿ ಕಳಿಸಿದರು.

ಜರ್ಮನಿಯ ಪತ್ರ ಬಂದಿದ್ದೇ ಸುಬ್ಬರಾಯಪ್ಪ ಅವರನ್ನು ರೈಲಿನಲ್ಲಿ ಮದ್ರಾಸಿಗೆ ಕರೆದೊಯ್ದ. ಕಾನ್ಸುಲೇಟಿನ ಕಿಟಕಿಯ ಹಿಂದಿನ ಹೆಂಗಸು ಅರ್ಜಿ, ಫೋಟೋ, ಟಿಕೆಟ್ಟಿನ ಬುಕಿಂಗು, ಆಹ್ವಾನಪತ್ರ ಎಲ್ಲ ನೋಡಿ, ತಮಿಳು ಬೆರೆತ ಇಂಗ್ಲಿಷಿನಲ್ಲಿ ಏನು ಕೆಲಸ, ಎಷ್ಟು ದಿನ ಎಂದು ಕೇಳಿದಳು. ಮಣ್ಣು ನೋಡಲು, ಎಂದರು ಕದಿರಪ್ಪನವರು. ಅವಳು ತಲೆಯೆತ್ತಿ ಇವರನ್ನು ನೋಡಿದಳು, ಪತ್ರವನ್ನು ಇನ್ನೊಮ್ಮೆ ನೋಡಿದಳು. ಅದರಲ್ಲೂ ಹಾಗೆಯೇ ಇತ್ತು. ಎರಡು ದಿನ ಬಿಟ್ಟು ಬಂದು ಪಾಸ್‌ಪೋರ್ಟು ತೆಗೆದುಕೊಳ್ಳಿ ಎಂದಳು. ಎರಡು ದಿನವೂ ಅವರು ಸಮುದ್ರದ ಕಡೆ ಸುಳಿಯದೆ, ಲಾಡ್ಜಿನಲ್ಲೇ ಕೂತು ಸ್ವೆಟರು ಹಾಕಿ ತೆಗೆದು ಅಭ್ಯಾಸ ಮಾಡಿದರು.

ಜರ್ಮನಿಯಲ್ಲಿ ಯಂತ್ರ ಓಡಿಸಿದ ದಿನ ಮಳೆ ಸುರಿಯುತ್ತಿತ್ತು. ಮಾಲೂರಿನ ಮಣ್ಣು ಯಂತ್ರದ ಬಾಯಿಂದ ನುಣ್ಣಗೆ, ಉದ್ದಕ್ಕೆ, ಹಾವಿನಂತೆ ಹೊರಬಂತು. ಸುತ್ತ ನಿಂತ ಜರ್ಮನರು ಕೈ ತಟ್ಟಿದರು. ವೆಬರ್ ಸಹಿಯ ಕಾಗದ ಮುಂದಿಟ್ಟ. ಕದಿರಪ್ಪನವರು ಪೆನ್ನು ಮುಟ್ಟದೆ ಬಗ್ಗಿ, ಆ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಅಂಚಿನಲ್ಲಿ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಹರಕು. ಒಣಗಿದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ.

ಹೊರಗೆ ಅಂಗಳದಲ್ಲಿ ಊಟದ ಗಂಟೆ ಹೊಡೆಯಿತು. ಎಲ್ಲರೂ ಕಾಯುತ್ತಿದ್ದರು. ಕದಿರಪ್ಪನವರು ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು: ಇನ್ನೊಂದು ಸಲ ಓಡಿಸಬೇಕು, ನೀರು ಹೆಚ್ಚಿಸಬೇಕು, ಬಾಯಿಯ ಮೂಲೆಗಳನ್ನು ಸ್ವಲ್ಪ ಉಜ್ಜಿ ಅಗಲ ಮಾಡಬೇಕು.

ವೆಬರ್ ಅಂಚನ್ನು ಮುಟ್ಟಿ ನೋಡಿದ. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ. ಉಜ್ಜಲು ಅರ ತೆಗೆದುಕೊಂಡು ಬಾ ಎಂದು ಯಾರಿಗೋ ಹೇಳಿ ಕಳಿಸಿ, ಇವರ ಕಡೆ ತಿರುಗಿ ನಕ್ಕ. ಪತ್ರದ ವಿಷಯವನ್ನೂ ಹೀಗೆಯೇ ಜೂನಿನಲ್ಲಿ ಕೇಳಬಹುದಿತ್ತಲ್ಲ, ಒಂದು ಸಾಲು ಸಾಕಿತ್ತು, ಎಂದ.

“ಕೇಳಿದ್ದೆ,” ಎಂದರು ಕದಿರಪ್ಪನವರು, ತೋಳು ಮಡಚಿ ಮಣ್ಣಿಗೆ ನೀರು ಚಿಮುಕಿಸುತ್ತ. “ನಮ್ಮೂರಲ್ಲಾಗಿದ್ರೆ ಅಷ್ಟಕ್ಕೇ ಮೂರು ಸಲ ಕರೀತಿದ್ರು.”

ಅದನ್ನು ಅವರು ಕನ್ನಡದಲ್ಲೇ ಹೇಳಿದರು. ಆಮೇಲೆ ಇಬ್ಬರೂ ಯಂತ್ರದ ಬಾಯಿಗೆ ಬಗ್ಗಿದರು.