ಬೆರಕೆ ಎಂದು ಕಿತ್ತ ಗಿಡ

ಆ ಬೀಜಕ್ಕೆ ನಾನು ತೆತ್ತದ್ದು ಕುಂಸಿ ಕಡೆಯ ಒಂದು ಕೆಂಪು ಮಣ್ಣಿನ ಹೊಲದ ಇಡೀ ಮುಂಗಾರು, ಒಂದು ಮೂಟೆ ಹಸನಾದ ಕಡಲೆಕಾಯಿ, ಮೇಲೆ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಮೂಗು ಮುರಿದುಕೊಂಡು ಸುಮ್ಮನಿದ್ದ ಕೆಲವು ತಿಂಗಳು. ಯಾಕೆ ತೆತ್ತೆ ಎಂದರೆ, ನಾನು ಬೀಜದ ವ್ಯಾಪಾರಿ. ಹೊಸ ಬೀಜ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಚೌಕಾಸಿ ಮಾಡದೆ ಒಪ್ಪಿಕೊಂಡ ವ್ಯವಹಾರ ನನ್ನ ಜೀವನದಲ್ಲಿ ಅದೊಂದೇ.

ವ್ಯಾಪಾರ ಶುರು ಮಾಡಿದ್ದು ನಲವತ್ತರ ದಶಕದಲ್ಲಿ, ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಆಗ ಅಂಗಡಿ ಇರಲಿಲ್ಲ, ತಲೆಯ ಮೇಲಿನ ಚೀಲವೇ ಅಂಗಡಿ. ಭಾವನೂ ನಾನೂ ರೈತರಿಂದ ಭತ್ತ ಕೊಂಡು, ಆರಿಸಿ, ಬಿತ್ತನೆಗೆಂದು ಮಾರುತ್ತಿದ್ದೆವು. ಬಿಳಿ ಭತ್ತದ ಗದ್ದೆಯಲ್ಲಿ ನಾಲ್ಕು ಕೆಂಪು ತೆನೆ ಕಂಡರೆ ಕೊಂಡವನು ಗಾಡಿ ಕಟ್ಟಿಕೊಂಡು ಬಂದು ಬಜಾರಿನ ನಡುವೆಯೇ ಮರ್ಯಾದೆ ತೆಗೆಯುತ್ತಿದ್ದ. ಹಾಗಾಗಿ ಬೀಜಕ್ಕೆ ಬಿಟ್ಟ ಹೊಲದಲ್ಲಿ ಬೇರೆ ಥರ ಕಂಡ ಗಿಡವನ್ನು ಕೊಯ್ಲಿಗೆ ಮೊದಲು ಬೇರು ಸಮೇತ ಕೀಳುವುದು ನಮ್ಮ ಕಸುಬಿನ ಧರ್ಮವಾಯಿತು. ಅದಕ್ಕೆ ಬೆರಕೆ ಕೀಳುವುದು ಎನ್ನುತ್ತೇವೆ. ಭಾವನ ಕಣ್ಣು ಅದರಲ್ಲಿ ಹದ್ದಿನದು. ಬದುವಿನ ಮೇಲೆ ನಿಂತು, ಹೊಲದ ನಡುವಿನ ಒಂದೇ ಒಂದು ತಪ್ಪು ಗಿಡವನ್ನು ತೋರಿಸುತ್ತಿದ್ದರು.

ಸವಳಂಗ ರಸ್ತೆಯಲ್ಲಿ ನನ್ನ ಸ್ವಂತ ಅಂಗಡಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಬೇಸಿಗೆಯಲ್ಲಿ, ಕೃಷಿ ಸಂಶೋಧನೆಯ ಒಬ್ಬ ಹೆಣ್ಣುಮಗಳು ಬಂದರು. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು. ಕಡಲೆಕಾಯಿಗೆ ಸಡಿಲವಾದ ಕೆಂಪು ಮಣ್ಣು ಬೇಕು, ಅವರ ಕೇಂದ್ರದಲ್ಲಿ ಅಷ್ಟು ಜಾಗವಿಲ್ಲ, ಒಂದು ಹೊಲ ಕೊಡಿಸಿ ಎಂದರು.

"ಏನು ವಿಶೇಷ ಮೇಡಂ ಈ ಬೀಜದಲ್ಲಿ?"

"ಕಿರಣಕ್ಕೆ ಒಡ್ಡಿದ್ದೀವಿ. ಗಾಮಾ ಕಿರಣ. ಇನ್ನೊಂದಷ್ಟನ್ನ ರಾಸಾಯನಿಕದ ನೀರಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಬಿತ್ತಿದ್ವಿ."

"ಮುಟ್ಟಿದ್ರೆ ಏನಾದ್ರೂ ಆಗತ್ತಾ?"

ಅವರು ನಕ್ಕರು. "ಬಿಸಿಲಲ್ಲಿಟ್ಟ ಚೊಂಬು ಆಮೇಲೆ ಬೆಳಕು ಕೊಡತ್ತಾ? ಕಿರಣ ಬೀಜದೊಳಗೆ ಹಾದು ಹೋಯ್ತು, ಅಲ್ಲೇನೂ ಕೂತಿಲ್ಲ. ಆ ರಾಸಾಯನಿಕ ಮಾತ್ರ ಕೆಟ್ಟದ್ದು, ಅದನ್ನ ಕೈಗವಸು ಹಾಕ್ಕೊಂಡೇ ಮುಟ್ಟೋದು. ನಿಮ್ಮ ಹೊಲಕ್ಕೆ ಬರೋದು ಅದರ ಮರಿ ಬೀಜ, ಹೆದರಬೇಡಿ."

ಕಿರಣ ತಗುಲಿದ ಬೀಜದ ಗಿಡಗಳನ್ನು ಹಿಂದಿನ ವರ್ಷವೇ ಕೇಂದ್ರದಲ್ಲಿ ಬೆಳೆದಿದ್ದರು. ಕಿರಣ ಹೆಚ್ಚಾದರೆ ಬೀಜ ಸಾಯುತ್ತದೆ, ಕಡಿಮೆಯಾದರೆ ಏನೂ ಆಗುವುದಿಲ್ಲ. ಒಂದಷ್ಟು ಸತ್ತು ಒಂದಷ್ಟು ಉಳಿಯುವ ಅಳತೆ ಹಿಡಿದಿದ್ದರಂತೆ. ಉಳಿದವು ಕುಳ್ಳಾಗಿ, ಎಲೆ ಸೊಟ್ಟಾಗಿ, ಜ್ವರ ಬಂದು ಎದ್ದವರ ಹಾಗೆ ಬೆಳೆದು, ಅಷ್ಟೋ ಇಷ್ಟೋ ಕಾಯಿ ಕಟ್ಟಿದ್ದವು. ಒಂದೊಂದು ಗಿಡದ ಕಾಯಿಯನ್ನೂ ಬೇರೆ ಬೇರೆ ಲಕೋಟೆಯಲ್ಲಿ ತುಂಬಿ ತಂದಿದ್ದರು. ಒಂದು ಲಕೋಟೆಗೆ ಒಂದು ಸಾಲು, ಸಾಲಿನ ತುದಿಗೊಂದು ಗೂಟ. ತಂದದ್ದನ್ನೆಲ್ಲ ಬಿತ್ತಿಬಿಟ್ಟರು, ಕೈಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಹೊಲ ಭಾವನದು, ಆ ಮುಂಗಾರಿನ ಗುತ್ತಿಗೆ ಹಣ ನಾನು ಕೊಟ್ಟಿದ್ದೆ. ನಾನು ಅವರಿಗೆ ಹೇಳಿದ್ದು ಇಷ್ಟೇ: "ಭಾವ, ಇದು ಸರ್ಕಾರಿ ಬೀಜದ ಹೊಲ. ಹುಷಾರಾಗಿ ನೋಡ್ಕೊಳ್ಳಿ."

ಕಡಲೆಕಾಯಿ ಬಲಿಯುವ ಹೊತ್ತಿಗೆ ಮೇಡಂ ನನ್ನನ್ನು ಭದ್ರಾವತಿಗೆ ಕರೆದರು. ಅಲ್ಲಿ ನಾಲೆಯ ನೀರಿನ ಗದ್ದೆಯಲ್ಲಿ ಇದೇ ಕೆಲಸವನ್ನು ಭತ್ತದ ಮೇಲೆ ಮಾಡಿದ್ದರು. ಊರಿನ ಹಳೆಯ ಎತ್ತರದ ಭತ್ತ ಅದು. ಅನ್ನಕ್ಕೆ ರುಚಿ, ಆದರೆ ಗೊಬ್ಬರ ಜಾಸ್ತಿ ಹಾಕಿದರೆ ತೆನೆಯ ಭಾರಕ್ಕೆ ಮಲಗಿಬಿಡುತ್ತದೆ. ಬದುವಿನ ಮೇಲೆ ನಡೆಯುತ್ತಾ ಅವರು ಹೇಳಿದ್ದನ್ನು ನಾನು ಬಾಯಿ ತೆರೆದು ಕೇಳಿದೆ. ಸಸಿಮಡಿಯಲ್ಲಿ ಕೆಲವು ಸಸಿ ಹಾಲಿನ ಹಾಗೆ ಬೆಳ್ಳಗೆ ಬಂದು, ಹಸಿರೇ ಇಲ್ಲದೆ ಸತ್ತವಂತೆ. ಕೆಲವು ಜೊಳ್ಳು. ಬಹುಪಾಲು ಬದಲಾವಣೆ ಕೆಟ್ಟದ್ದಕ್ಕೇ.

"ಹಾಗಾದ್ರೆ ಲಾಭ ಎಲ್ಲಿ ಮೇಡಂ?"

ಅವರು ಒಂದು ಸಾಲಿನ ಎದುರು ನಿಂತರು. ಎದೆಯುದ್ದದ ಭತ್ತದ ನಡುವೆ ಒಂದು ಗಿಡ ಮಾತ್ರ ಸೊಂಟದವರೆಗೆ ಬಂದು, ಬುಡ ಗಟ್ಟಿಯಾಗಿ ನಿಂತಿತ್ತು. ತೆನೆ ಮಾತ್ರ ಅಷ್ಟೇ ತುಂಬಿಕೊಂಡಿತ್ತು.

"ಇಲ್ಲಿ. ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ಪ್ರತಿ ಇರತ್ತೆ, ಒಂದು ತಾಯಿಯದು, ಒಂದು ತಂದೆಯದು ಅಂದ್ಕೊಳ್ಳಿ. ಕಿರಣ ಸಾಮಾನ್ಯವಾಗಿ ಒಂದನ್ನ ಬದಲಾಯಿಸತ್ತೆ, ಇನ್ನೊಂದು ಅದನ್ನ ಮುಚ್ಚಿಡತ್ತೆ. ಅದಕ್ಕೇ ಮೊದಲ ವರ್ಷ ಕಾಣೋದು ಕಿರಣದ ಪೆಟ್ಟು ಮಾತ್ರ, ಹೊಸ ಗುಣ ಕಾಣಲ್ಲ. ಮರುವರ್ಷ ಬದಲಾದ ಪ್ರತಿಗಳು ಎರಡೂ ಒಂದೇ ಗಿಡಕ್ಕೆ ಬಂದ್ರೆ ಹೀಗೆ ಹೊರಗೆ ಬೀಳತ್ತೆ. ಇಡೀ ಸಾಲಲ್ಲಿ ಅಲ್ಲೊಂದು ಇಲ್ಲೊಂದು. ಇಷ್ಟೆಲ್ಲ ಕಷ್ಟ ಪಡೋದೇ ಸಾಲಿಗೆ ಸೇರದ ಈ ಒಂದು ಗಿಡಕ್ಕೆ."

ಸಾಲಿಗೆ ಸೇರದ ಗಿಡ. ಬೆರಕೆ ಎಂದು ನಾವು ಕೀಳುವುದು ಅದನ್ನೇ.

"ಮೇಡಂ, ಕಡ್ಲೆಕಾಯಿ ಹೊಲದಲ್ಲೂ ಹೀಗೇನಾ?"

"ಹೌದು. ನಾಳೆ ನಾಡಿದ್ದರಲ್ಲಿ ಬಂದು ಗುರುತು ಹಾಕ್ತೀನಿ. ಯಾಕೆ?"

"ಇವತ್ತು ನಮ್ಮ ಭಾವ ಬೆರಕೆ ಕೀಳ್ತೀನಿ ಅಂದಿದ್ರು."

ಅವರ ಜೀಪು ಹತ್ತಿ, ಶಿವಮೊಗ್ಗ ದಾಟಿ ಕುಂಸಿ ದಾರಿ ಹಿಡಿದೆವು. ಹೊಲ ಮುಟ್ಟಿದಾಗ ಸಂಜೆ ಬಿಸಿಲಿತ್ತು. ಸಾಲುಗಳು ಮದುವೆ ಮನೆಯ ಪಂಕ್ತಿಯ ಹಾಗೆ ಒಂದೇ ಸಮ ಕೂತಿದ್ದವು. ಭಾವ ಬದುವಿನ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದರು.

"ಬಾ ಮಾರಾಯ! ನೋಡಮ್ಮ, ಹೆಂಗಿದೆ ಹೊಲ? ಒಂದು ಬೆರಕೆ ಇದ್ರೆ ಹುಡುಕಿ ಕೊಡಿ ನೋಡೋಣ. ನಿಮ್ಮ ಸರ್ಕಾರಿ ಬೀಜದಲ್ಲಿ ಎಷ್ಟು ಕಚಡಾ ಇತ್ತು ಅಂತೀರಿ! ಕುಳ್ಳಿ, ಕರಿ ಎಲೆದು, ಮುದುಡಿದ್ದು... ಎಲ್ಲಾ ಕಿತ್ತು ಹಾಕ್ಸಿದೀನಿ."

ಮೇಡಂ ಬದುವಿನ ಮೇಲೆಯೇ ಕೂತರು. "ಕಿತ್ತಿದ್ದು ಎಲ್ಲಿ ಯಜಮಾನ್ರೇ?"

"ಕಳೆ ಕೀಳೋ ಹೆಣ್ಣುಮಕ್ಕಳು ಹೊತ್ಕೊಂಡು ಹೋದ್ರು. ಸೊಪ್ಪು ಆಡಿಗೆ, ಕಾಯಿ ಬೇಯ್ಸಕ್ಕೆ."

ಎರಡು ವರ್ಷದ ಕೆಲಸ ಆಡಿನ ಹೊಟ್ಟೆಗೂ ಪಾತ್ರೆಗೂ ಹೋಗುತ್ತಿತ್ತು. ಬೇಯಿಸಿದ ಕಾಳು ಮೊಳೆಯುವುದಿಲ್ಲ. ಹಸಿಯಾಗಿದ್ದರೆ ಮಾತ್ರ ಉಳಿವು; ಗಿಡ ಬಲಿತಿದ್ದರಿಂದ, ಕಿತ್ತರೂ ನೆರಳಲ್ಲಿ ಒಣಗಿಸಿದರೆ ಕಾಳು ಬೀಜವಾಗುತ್ತದೆ ಎಂದು ಮೇಡಂ ಹೇಳಿದರು. ಯಾವ ಗಿಡ ಯಾವ ಸಾಲಿನದು ಎಂಬುದು ಹೋಯಿತು, ಹೋಗಲಿ, ಗಿಡ ಸಿಕ್ಕರೆ ಸಾಕು ಎಂದರು.

ಗಿಡಗಳನ್ನು ಹಿಂದಕ್ಕೆ ಕೊಳ್ಳುವುದು ನನ್ನ ಕೆಲಸ. ಭಾವನ ಅಟ್ಟದಿಂದ ಒಂದು ಮೂಟೆ ಕಡಲೆಕಾಯಿ ಇಳಿಸಿ, ನನ್ನ ಲೆಕ್ಕಕ್ಕೆ ಬರೆಸಿ, ಜೀಪಿಗೆ ಹಾಕಿಸಿದೆ. ಭಾವ ಮೂಟೆ ಕೊಟ್ಟು ಮುಖ ತಿರುಗಿಸಿಕೊಂಡು ಹೋದರು. ಕಸುಬು ಗೊತ್ತಿಲ್ಲದವನೆಂದು ಹೆಂಗಸಿನೆದುರು ಅನ್ನಿಸಿಕೊಂಡೆ ಎಂದು ಅವರಿಗೆ ಸಿಟ್ಟು. ಯಾರೂ ಹಾಗೆ ಅಂದಿರಲಿಲ್ಲ.

ಊರೊಳಗೆ ಹೋಗುವ ಮೊದಲು ಮೇಡಂಗೆ ಹೇಳಿದೆ: "ನೀವು ಬಾಯಿ ಬಿಡಬೇಡಿ. ಬೇಕು ಅಂತ ಗೊತ್ತಾದ್ರೆ ರೇಟು ಏರತ್ತೆ."

ಮೊದಲನೇ ಮನೆಯಲ್ಲೇ ಅವರು ಎಲ್ಲವನ್ನೂ ಹೇಳಿಬಿಟ್ಟರು. ಈ ಗಿಡ ಜಗತ್ತಲ್ಲಿ ಬೇರೆಲ್ಲೂ ಇಲ್ಲ ತಾಯಿ ಎಂದರು. ಇನ್ನೇನು, ಅರ್ಧ ಗಂಟೆಯಲ್ಲಿ ಕೇರಿಗೆ ಕೇರಿಯೇ ಗಿಡ ಹಿಡಿದು ಜೀಪಿನ ಸುತ್ತ ನಿಂತಿತು, ಪಕ್ಕದ ಹೊಲದ ಗಿಡಗಳೂ ಸೇರಿ! ನಾನು ಗಾಡಿಯ ಹಿಂದೆ ನಿಂತು ಕೂಗಿದೆ: "ಎಲೆ, ಬೇರು, ಕಾಯಿ ಮೂರೂ ಒಟ್ಟಿಗಿರೋ ಗಿಡಕ್ಕೆ ಮಾತ್ರ ಒಂದು ಸೇರು ಕಡ್ಲೆಕಾಯಿ! ಮೇಡಂ ನೋಡಿ ಹೂಂ ಅಂದ್ರೆ ಮಾತ್ರ!" ನೆಟ್ಟಗಿನ ಮಾಮೂಲಿ ಗಿಡಗಳು ಹಾಗೇ ಹಿಂದಕ್ಕೆ ಹೋದವು. ಕುಳ್ಳಗಿನದು, ಕಪ್ಪು ಹಸಿರು ಎಲೆಯದು, ಬುಡದಲ್ಲೇ ಗೊಂಚಲು ಕಾಯಿ ಕಟ್ಟಿದ್ದು ಒಂದೊಂದಾಗಿ ಜೀಪು ಸೇರಿದವು.

ಕೊನೆಯ ಮನೆಯ ಅಜ್ಜಿ ಬಾಗಿಲಿಗೇ ಬರಲಿಲ್ಲ. ಒಳಗೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ನಂಗೆ ನಿನ್ನ ಸೇರೂ ಬೇಡ, ಪಾವೂ ಬೇಡ. ಎಂಥ ಕಾಯಿ ಗೊತ್ತಾ ಮಾರಾಯ? ಒಂದೊಂದೂ ಹೆಬ್ಬೆಟ್ಟಿನ ಗಾತ್ರ. ಅದಕ್ಕೇ ಮೊದ್ಲು ಅದನ್ನೇ ಬೇಯಕ್ಕೆ ಹಾಕ್ದೆ."

ಮೇಡಂ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಕಣ್ಣು ಮುಚ್ಚಿಕೊಂಡರು. "ಗಿಡ ಎಲ್ಲಜ್ಜಿ?"

"ಆಡು ತಿಂತು."

"ಎಲ್ಲಾ ಕಾಯೂ ಇದಕ್ಕೇ ಹಾಕಿದ್ರಾ?"

"ಹಿಡೀಬೇಕಲ್ಲ ಪಾತ್ರೆ! ಒಂದು ಹಿಡಿ ಉಳೀತು. ಮೊರದಲ್ಲಿದೆ ನೋಡು."

ಮೊರದಲ್ಲಿ ಒಂದು ಹಿಡಿ ಕಾಯಿ ಮಣ್ಣು ಸಮೇತ ಬಿದ್ದಿತ್ತು. ಅದಕ್ಕೆ ಅಜ್ಜಿ ಕೇಳಿದ ಬೆಲೆ ಮೂರು ಸೇರು. ನಾನು ಎರಡಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮೂಟೆಯಲ್ಲಿ ಉಳಿದದ್ದೆಲ್ಲವನ್ನೂ ಅಜ್ಜಿಯ ಪಡಸಾಲೆಗೆ ಸುರಿಸಿಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಆದರೆ ಅಜ್ಜಿ ಬೆಂದ ಕಾಯಿಯನ್ನೂ ತಟ್ಟೆಯಲ್ಲಿ ತಂದಿಟ್ಟಳು. ತಿಂದೆವು. ಒಳ್ಳೆಯ ರುಚಿ.

ಮರುವರ್ಷ ಆ ಒಂದು ಹಿಡಿಯ ಕಾಳನ್ನು ಕೇಂದ್ರದಲ್ಲಿ ಬಿತ್ತಿದರು. ಬಂದ ಗಿಡಗಳೆಲ್ಲ ಒಂದೇ ಥರ, ಎಲ್ಲವೂ ದಪ್ಪ ಕಾಯಿ. ಗುಣ ನಿಂತಿತು ಎಂದರು ಮೇಡಂ. ಅಂದರೆ ಅದು ಮಣ್ಣಿನಿಂದಲೋ ಗೊಬ್ಬರದಿಂದಲೋ ಬಂದ ದಪ್ಪವಲ್ಲ, ಹುಟ್ಟಿನದು. ಉಳಿದ ಗಿಡಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರಲಿಲ್ಲ. ದಪ್ಪ ಕಾಯಿಯದಕ್ಕೂ ಇಳುವರಿ ಸಾಲದು ಎಂದು, ಹೆಚ್ಚು ಕಾಯಿ ಬಿಡುವ ಇನ್ನೊಂದು ತಳಿಯ ಜೊತೆ ಕೂಡಿಸಿ ಮತ್ತೆ ಆರಿಸುತ್ತಾ ಹೋದರು. ಆಮೇಲೆ ಬೇರೆ ಬೇರೆ ಮಣ್ಣಿನಲ್ಲಿ, ಬೇರೆ ಬೇರೆ ಮಳೆಯಲ್ಲಿ, ರೈತರು ಆಗಲೇ ಬೆಳೆಯುತ್ತಿದ್ದ ತಳಿಯ ಪಕ್ಕದಲ್ಲೇ ಬಿತ್ತಿ ತೂಗಿದರು, ವರ್ಷಗಟ್ಟಲೆ. ಭದ್ರಾವತಿಯ ಗಿಡ್ಡ ಭತ್ತ ಇಷ್ಟು ಸುತ್ತಲಿಲ್ಲ. ರುಚಿ ಹಾಗೇ ಇದ್ದು ಮಲಗದೆ ನಿಂತಿದ್ದರಿಂದ, ಪರೀಕ್ಷೆಗಳನ್ನು ಗೆದ್ದು ಅದೇ ಮೊದಲು ಬಿಡುಗಡೆಯಾಯಿತು. ಕಡಲೆಕಾಯಿ ಬಿಡುಗಡೆಯಾದಾಗ ನನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲ ಮೂಟೆಯನ್ನು ಭಾವನ ಹೊಲಕ್ಕೇ ಕಳಿಸಿದೆ. ಅವರು ಬಿತ್ತಿದರು, ಕೊಯ್ಲಿಗೆ ಮೊದಲು ಹೊಲ ಸುತ್ತಿದರು, ಒಂದು ಎತ್ತರದ ಗಿಡ ಕಂಡು ಕೈ ಹಾಕಿದರು, ನನ್ನ ಮುಖ ನೋಡಿದರು.

"ಕೀಳ್ಲೋ ಬೇಡ್ವೋ?"

"ಕೀಳಿ ಭಾವ. ಈಗ ಹೊಲದಲ್ಲಿರೋದು ಆರಿಸಿ ನಿಂತ ತಳಿ. ಈಗ ಆ ಎತ್ತರದ್ದು ಬೆರಕೆನೇ."

ಓದುವವರಿಗೆ ಒಂದು ಮಾತು. ಅಣು ಬೀಜ ಎಂದು ಹೇಳಿ ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ದುಪ್ಪಟ್ಟು ಬೆಲೆಗೆ ಮಾರಿದರೆ ಕೊಳ್ಳಬೇಡಿ. ಬೀಜದಲ್ಲಿ ಯಾವ ಕಿರಣವೂ ಇರುವುದಿಲ್ಲ. ನಿಮಗೆ ಬೇಕಾದದ್ದು ತಳಿಯ ಹೆಸರು ಬರೆದ ಚೀಟಿ, ಮೊಳಕೆಯ ಖಾತ್ರಿ. ಕಡಲೆಕಾಯಿ ಬೀಜವನ್ನು ಸಿಪ್ಪೆ ಸಮೇತ ಕೊಂಡು, ಬಿತ್ತುವ ಹೊತ್ತಿಗೆ ಕೈಯಿಂದಲೇ ಬಿಡಿಸಿಕೊಳ್ಳಿ. ಹೊಸ ತಳಿಯನ್ನು ಮೊದಲ ವರ್ಷ ಒಂದು ಪಟ್ಟಿಯಲ್ಲಿ ಮಾತ್ರ, ನಿಮ್ಮ ಹಳೆಯದರ ಪಕ್ಕದಲ್ಲೇ ಬಿತ್ತಿ ತೂಗಿ ನೋಡಿ. ಯಾರಾದರೂ ಪರೀಕ್ಷೆಗೆಂದು ಹೊಲ ಕೇಳಿದರೆ ಕೊಡಿ, ಆದರೆ ಅವರು ಹುಡುಕುತ್ತಿರುವುದು ಏನು ಎಂದು ಕೇಳಿ ತಿಳಿದುಕೊಂಡು, ಕಳೆ ಕೀಳುವವರಿಗೂ ಅದನ್ನು ಹೇಳಿ, ಆಮೇಲೆ ಹೊಲಕ್ಕೆ ಇಳಿಸಿ.